ಗೇಟ್‌ವೇಯಲ್ಲಿ ನಿಂತ ಹಣ, ಅಂಗಡಿಯವರ ಪತ್ರ

ಚನ್ನಪಟ್ಟಣದಲ್ಲಿ ಆಲೆ ಮರದ ಗೊಂಬೆ ಮಾರುವ ಒಂದು ಸಣ್ಣ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಆನ್‌ಲೈನ್ ವ್ಯಾಪಾರ ದಿನಕ್ಕೆ ಸುಮಾರು 3,000 ರೂಪಾಯಿ. ದಸರೆಗೆ ಮನೆಮನೆಯಲ್ಲಿ ಗೊಂಬೆ ಕೂರಿಸುವ ಹೊತ್ತಿಗೆ ಅದು ಮೂರು ಪಟ್ಟಾಯಿತು. ಒಂಬತ್ತು ದಿನದಲ್ಲಿ 62 ಆರ್ಡರ್, 84,300 ರೂಪಾಯಿ. ಗಿರಾಕಿಗಳು ಹಣ ಕಟ್ಟಿದರು, ಗೊಂಬೆಗಳು ಕೊರಿಯರ್‌ನಲ್ಲಿ ಹೋದವು. ಅಂಗಡಿಯ ಖಾತೆಗೆ ಮಾತ್ರ ಒಂದು ರೂಪಾಯಿಯೂ ಬರಲಿಲ್ಲ. ಪೇಮೆಂಟ್ ಗೇಟ್‌ವೇಯ ಪರದೆಯ ಮೇಲೆ ‘ಸೆಟಲ್‌ಮೆಂಟ್ ತಡೆಹಿಡಿಯಲಾಗಿದೆ’ ಎಂಬ ಒಂದೇ ಸಾಲು.

ಗಿರಾಕಿ ಕಟ್ಟಿದ ಹಣ ನೇರವಾಗಿ ಅಂಗಡಿಗೆ ಬರುವುದಿಲ್ಲ. ಗೇಟ್‌ವೇ ಕಂಪನಿ ಅದನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಇಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಖಾತೆಯ ದುಡ್ಡನ್ನು ಕಂಪನಿ ತನ್ನ ಖರ್ಚಿಗೆ ಬಳಸುವಂತಿಲ್ಲ. ಆದ್ದರಿಂದ ಅಂಗಡಿಯವರು ಬರೆಯುವ ಪತ್ರ ಸಾಲ ಕೇಳುವ ಪತ್ರವಲ್ಲ, ತಮ್ಮದೇ ಹಣದ ಲೆಕ್ಕ ಕೇಳುವ ಪತ್ರ. ಆ ದನಿ ಮೊದಲ ಸಾಲಿನಿಂದಲೇ ಇರಬೇಕು.

ಹಾಗಾದರೆ ತಡೆದದ್ದೇಕೆ? ಸಾಮಾನ್ಯವಾಗಿ ಇದನ್ನು ಮೊದಲು ಮಾಡುವುದು ಮನುಷ್ಯರಲ್ಲ, ವಂಚನೆ ಪತ್ತೆಹಚ್ಚುವ ತಂತ್ರಾಂಶ. ವ್ಯಾಪಾರ ದಿಢೀರನೆ ಏರಿದರೆ, ಪ್ಯಾನ್ ಕಾರ್ಡಿನ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ಹೊಂದದಿದ್ದರೆ, ಅಥವಾ ಗಿರಾಕಿಯೊಬ್ಬರು ‘ಈ ಪಾವತಿ ನನ್ನದಲ್ಲ’ ಎಂದು ತಮ್ಮ ಬ್ಯಾಂಕಿಗೆ ದೂರು ಕೊಟ್ಟರೆ ಅದು ಎಚ್ಚರಿಕೆ ಕೊಡುತ್ತದೆ. ದಸರೆ ಬಂದಿದೆ, ಗೊಂಬೆಗೆ ಬೇಡಿಕೆ ಇದೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಸಬೇಕಾದವರು ಅಂಗಡಿಯವರೇ.

ಇಲ್ಲೇ ಹೆಚ್ಚಿನ ಪತ್ರಗಳು ಎಡವುತ್ತವೆ. ‘ಎಷ್ಟು ಸಲ ಫೋನ್ ಮಾಡಿದರೂ ಉತ್ತರವಿಲ್ಲ, ನಾವು ಬಡವರು, ದಯವಿಟ್ಟು ಹಣ ಬಿಡಿ’ ಎಂದು ಬರೆಯುತ್ತಾರೆ. ಕಷ್ಟ ನಿಜವೇ. ಆದರೆ ಅದನ್ನು ಓದುವ ನೌಕರನ ಕೈಗೆ ಹುಡುಕಲು ಏನೂ ಸಿಗುವುದಿಲ್ಲ. ಚನ್ನಪಟ್ಟಣದ ಅಂಗಡಿಯ ಪತ್ರ ಹೀಗಿದ್ದರೆ ಕೆಲಸಕ್ಕೆ ಬರುತ್ತದೆ:

‘ನಮ್ಮ ಮರ್ಚೆಂಟ್ ಐಡಿ ಮೇಲೆ ನಮೂದಿಸಿದೆ. ಒಂಬತ್ತು ದಿನಗಳ 62 ಆರ್ಡರ್‌ಗಳ ಒಟ್ಟು ಮೊತ್ತ 84,300 ರೂಪಾಯಿ. ನಿಮ್ಮ ಶೇ. 2 ಶುಲ್ಕ 1,686, ಅದರ ಮೇಲಿನ ಶೇ. 18 ಜಿಎಸ್‌ಟಿ 303.48 ಕಳೆದರೆ ನಮಗೆ ಬರಬೇಕಾದದ್ದು 82,310.52. ದಸರೆಯ ಗೊಂಬೆ ವ್ಯಾಪಾರದಿಂದ ಮೊತ್ತ ಏರಿದೆ. ಪ್ರತಿ ಆರ್ಡರಿನ ಬಿಲ್ಲು, ಕೊರಿಯರ್ ಟ್ರ್ಯಾಕಿಂಗ್ ನಂಬರ್ ಲಗತ್ತಿಸಿದ್ದೇವೆ. ಒಬ್ಬ ಗಿರಾಕಿಯ 1,850 ರೂಪಾಯಿ ಬಗ್ಗೆ ದೂರು ಇರುವುದು ನಮಗೆ ತಿಳಿದಿದೆ. ಅದನ್ನು ತಡೆದಿಟ್ಟು ಉಳಿದ 80,460.52 ಬಿಡುಗಡೆ ಮಾಡಿ. ಸಾಧ್ಯವಿಲ್ಲವಾದರೆ, ಒಪ್ಪಂದದ ಯಾವ ಷರತ್ತಿನ ಪ್ರಕಾರ, ಯಾವ ದಾಖಲೆ ಬರುವವರೆಗೆ ತಡೆದಿದ್ದೀರಿ ಎಂದು ಬರಹದಲ್ಲಿ ತಿಳಿಸಿ.’

ಈ ಪತ್ರದ ಜೀವ ಇರುವುದು ಕೊನೆಯ ಮೂರು ವಾಕ್ಯಗಳಲ್ಲಿ. ಒಂದು ಆರ್ಡರಿನ ತಕರಾರಿಗೆ ಉಳಿದ 61 ಆರ್ಡರ್‌ಗಳ ದುಡ್ಡು ಏಕೆ ನಿಲ್ಲಬೇಕು ಎಂಬ ಪ್ರಶ್ನೆಗೆ ‘ಪರಿಶೀಲನೆಯಲ್ಲಿದೆ’ ಎಂಬ ಸಿದ್ಧ ಉತ್ತರ ಸಾಲದು.

ಗಡುವಿನ ಬಗ್ಗೆಯೂ ಒಂದು ಮಾತು. 2020ರ ಮಾರ್ಚ್‌ನ ರಿಸರ್ವ್ ಬ್ಯಾಂಕ್ ಮಾರ್ಗಸೂಚಿಯಲ್ಲಿ, ಅಂಗಡಿಯವರೇ ಸರಕು ತಲುಪಿಸುವ ವ್ಯಾಪಾರವಾದರೆ ಸರಕು ತಲುಪಿದೆ ಎಂದು ಅಂಗಡಿಯವರು ಖಚಿತಪಡಿಸಿದ ಮರುದಿನದೊಳಗೆ ಹಣ ಸಲ್ಲಬೇಕು ಎಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ನಿರ್ದೇಶನ ಹೊರಬಿದ್ದಿದೆ. ಹಾಗಾಗಿ ಹಳೆಯ ನಿಯಮದ ಸಾಲನ್ನೇ ಎತ್ತಿ ಬರೆಯುವ ಬದಲು, ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಸೆಟಲ್‌ಮೆಂಟ್ ದಿನ ಎಷ್ಟೆಂದಿದೆಯೋ ಅದನ್ನು ಹೆಸರಿಸುವುದು ಗಟ್ಟಿ.

ಪತ್ರಕ್ಕೂ ಒಂದು ಮಿತಿ ಇದೆ. ಸೈಬರ್ ಪೊಲೀಸರ ಸೂಚನೆಯಿಂದ ಹಣ ನಿಂತಿದ್ದರೆ ಗೇಟ್‌ವೇ ತಾನಾಗಿ ಬಿಡಲಾರದು. ಆಗ ಕೇಳಬೇಕಾದದ್ದು ಹಣವನ್ನಲ್ಲ, ದೂರಿನ ಸಂಖ್ಯೆ ಮತ್ತು ಠಾಣೆಯ ಹೆಸರನ್ನು. ಅದೇ ಬಿಲ್ಲು, ಅದೇ ಟ್ರ್ಯಾಕಿಂಗ್ ನಂಬರುಗಳನ್ನು ಆ ಠಾಣೆಗೆ ಕೊಡಬೇಕಾಗುತ್ತದೆ.

ಪತ್ರವನ್ನು ಚಾಟ್‌ನಲ್ಲಿ ಬಿಡಬೇಡಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ ಟಿಕೆಟ್ ನಂಬರ್ ಪಡೆಯಿರಿ. ಅದರ ತಾರೀಖು ಬರೆದಿಟ್ಟುಕೊಳ್ಳಿ. 30 ದಿನ ಕಳೆದರೂ ಉತ್ತರ ಬಾರದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ವಿಚಾರಿಸಲು 14448ಕ್ಕೆ ಕರೆ ಮಾಡಬಹುದು.