ಮೈನಸ್‌ಗೆ ಕಟ್ಟಿದ ಕಪ್ಪು ವೈರು

ಬೆಳಿಗ್ಗೆ ಭಟ್ಕಳದಿಂದ ಹೊರಟು ಹೊನ್ನಾವರದ ಶರಾವತಿ ಸರ್ಕಲ್ ಬಳಿ ನಿಂತರೆ ನಮ್ಮ ಕಾರಿನ ಎಂಜಿನ್ ಆರುತ್ತಿರಲಿಲ್ಲ. ನಲವತ್ತು ಕಿಲೋಮೀಟರ್ ಓಡಿ ಬಿಸಿಯಾದ ಎಂಜಿನ್, ಸೀಟ್ ಬೆಲ್ಟ್ ಹಾಕಿದೆ, ಬಾಗಿಲು ಭದ್ರ, ಗೇರ್ ನ್ಯೂಟ್ರಲ್, ಕ್ಲಚ್ ಬಿಟ್ಟಿದ್ದೇನೆ, ಎಸಿಯನ್ನೂ ಆರಿಸಿದ್ದೇನೆ. ಆದರೂ ಅಡ್ಡಗೆರೆ ಎಳೆದ ‘ಎ’ ಅಕ್ಷರ ಡ್ಯಾಶ್‌ಬೋರ್ಡಿನಲ್ಲಿ ನಿಂತೇ ಇರುತ್ತಿತ್ತು. ರಾತ್ರಿ ಕುಮಟಾದಿಂದ ಮರಳಿ ಭಟ್ಕಳದ ಶಂಸುದ್ದೀನ್ ಸರ್ಕಲ್ ಮುಟ್ಟಿದಾಗ ಮಾತ್ರ ತಟ್ಟನೆ ಆರುತ್ತಿತ್ತು. ಸ್ಟಾರ್ಟ್-ಸ್ಟಾಪ್ ಕೆಟ್ಟಿದ್ದರೆ ಎರಡು ಹೊತ್ತೂ ಕೆಡಬೇಕಲ್ಲ?

ಇದಕ್ಕೆ ಉತ್ತರ ಕೊಟ್ಟವರು ಕುಮಟಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಬಾನೆಟ್ ಎತ್ತಿದವರೇ ಬ್ಯಾಟರಿಯ ಮೈನಸ್ ಕಡೆ ಬಗ್ಗಿ, ‘ಈ ವೈರ್ ಯಾರು ಕೊಟ್ಟದ್ದು ಮಾರಾಯ್ರೆ?’ ಎಂದರು. ಮಳೆಗಾಲಕ್ಕೆಂದು ನಾನು ಬೇರೆಡೆ ಹಾಕಿಸಿದ್ದ ಎರಡು ಫಾಗ್ ಲ್ಯಾಂಪ್‌ಗಳ ಕಪ್ಪು ವೈರು ಅದು.

ಸ್ಟಾರ್ಟ್-ಸ್ಟಾಪ್ ಇರುವ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಟರ್ಮಿನಲ್‌ಗೂ ಕಾರಿನ ಲೋಹದ ಬಾಡಿಗೆ ಹೋಗುವ ದಪ್ಪ ಕೇಬಲ್‌ಗೂ ನಡುವೆ ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರ್ ಕೂತಿರುತ್ತದೆ. ನನಗೆ ಇಡೀ ಕಾರಿನಲ್ಲಿ ಈಗ ಅತಿ ಪ್ರಿಯವಾದ ಭಾಗ ಅದೇ. ಅದರೊಳಗೆ ಒಂದು ಲೋಹದ ಪಟ್ಟಿ. ಅದರ ಪ್ರತಿರೋಧ ಓಮ್‌ನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸು. ನೂರು ಆಂಪಿಯರ್ ಹರಿದರೂ ಅದರ ಎರಡು ತುದಿಗಳ ನಡುವೆ ಹುಟ್ಟುವುದು ಬರೀ 10 ಮಿಲಿವೋಲ್ಟ್. ಅದನ್ನೇ ಅಳೆದು, ಒಳಬಂದ ವಿದ್ಯುತ್ತನ್ನು ಕೂಡುತ್ತ, ಹೊರಹೋದದ್ದನ್ನು ಕಳೆಯುತ್ತ, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಸೆನ್ಸರ್ ಲೆಕ್ಕ ಇಡುತ್ತದೆ. ಎಂಜಿನ್ ಆರಿಸಿದರೆ ಮತ್ತೆ ಎಬ್ಬಿಸಲು ಕೆಲವು ನೂರು ಆಂಪಿಯರ್ ಬೇಕು. ಅಷ್ಟು ಇದೆಯೆಂಬ ಭರವಸೆ ಸಿಗದೆ ಕಾರು ಎಂಜಿನ್ ಆರಿಸುವುದಿಲ್ಲ.

ನನ್ನ ಫಾಗ್ ಲ್ಯಾಂಪ್‌ಗಳು ತಲಾ 55 ವ್ಯಾಟ್, ಎರಡೂ ಸೇರಿ ಸುಮಾರು 9 ಆಂಪಿಯರ್. ಅವುಗಳ ಕಪ್ಪು ವೈರನ್ನು ಬಾಡಿಗೆ ಕಟ್ಟಿದ್ದರೆ ತಂಟೆಯಿರಲಿಲ್ಲ. ಸೀದಾ ಬ್ಯಾಟರಿಯ ಟರ್ಮಿನಲ್‌ಗೆ ಕಟ್ಟಿದ್ದರಿಂದ, ಡೈನಮೊದಿಂದ ಬಂದ ಕರೆಂಟು ದೀಪ ಉರಿಸಿ, ಮರಳುವಾಗ ಸೆನ್ಸರ್‌ ಮೂಲಕ ಬಾಡಿಗೆ ಹೋಗುತ್ತಿತ್ತು. ಬ್ಯಾಟರಿ ಚಾರ್ಜ್ ಆಗುವಾಗಲೂ ಕರೆಂಟು ಹರಿಯುವ ದಿಕ್ಕು ಅದೇ! ದೀಪ ತಿಂದದ್ದನ್ನು ಸೆನ್ಸರ್ ಬ್ಯಾಟರಿಯ ಖಾತೆಗೆ ಜಮಾ ಮಾಡುತ್ತಿತ್ತು. ಕುಮಟಾದಿಂದ ಭಟ್ಕಳಕ್ಕೆ ಒಂದೂವರೆ ಗಂಟೆ ದೀಪ ಉರಿದರೆ 13.5 ಆಂಪಿಯರ್-ಅವರ್ ಸುಳ್ಳು ಜಮಾ. 60 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅದು ಐದನೇ ಒಂದು ಪಾಲಿಗಿಂತ ಹೆಚ್ಚು. ಬ್ಯಾಟರಿ ತುಂಬಿತೆಂದು ನಂಬಿ ಕಾರು ಡೈನಮೊದ ವೋಲ್ಟೇಜನ್ನೂ ಇಳಿಸುತ್ತದೆ, ಹಾಗಾಗಿ ನಿಜವಾದ ಚಾರ್ಜ್ ಅರೆಬರೆ.

ಹಾಗಾದರೆ ಬೆಳಿಗ್ಗೆ ಸತ್ಯ ಗೊತ್ತಾಗುವುದು ಹೇಗೆ? ಲಾಕ್ ಮಾಡಿದ ಕಾರು ಕೆಲವು ತಾಸು ನಿದ್ದೆಹೋದ ಮೇಲೆ ಸೆನ್ಸರ್ ಬ್ಯಾಟರಿಯ ಶಾಂತ ವೋಲ್ಟೇಜ್ ನೋಡಿ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ಎಲೆಕ್ಟ್ರಿಷಿಯನ್‌ರ ಸ್ಕ್ಯಾನರ್ ಆ ಸಂಜೆ ಶೇಕಡಾ 90 ಚಾರ್ಜ್ ತೋರಿಸಿತ್ತು. ‘ಬೆಳಿಗ್ಗೆ ಕಾರು ಚಾಲೂ ಮಾಡುವ ಮೊದಲು ಮೀಟರ್ ಹಿಡಿದು ನೋಡಿ’ ಎಂದರು. ನೋಡಿದೆ: 12.3 ವೋಲ್ಟ್. ತುಂಬಿದ ಬ್ಯಾಟರಿ 12.7ರ ಹತ್ತಿರ ಇರಬೇಕು, 12.2 ಎಂದರೆ ಸರಿಸುಮಾರು ಅರ್ಧ.

ಸ್ಟಾರ್ಟ್-ಸ್ಟಾಪ್ ಕಲ್ಪನೆ ಹೊಸದಲ್ಲ. 1970ರ ದಶಕದಲ್ಲೇ ಟೊಯೊಟಾ ತನ್ನ ಕ್ರೌನ್ ಕಾರಿನಲ್ಲಿ ಪ್ರಯತ್ನಿಸಿತ್ತು. ನಮ್ಮಲ್ಲಿ 2014ರಲ್ಲಿ ಹೀರೊ ಸ್ಪ್ಲೆಂಡರ್ ಐಸ್ಮಾರ್ಟ್ ಬೈಕಿಗೂ ಬಂತು. ಬೈಕಿಗೆ ಎಸಿ ಇಲ್ಲ, ನಿರ್ವಾತದಿಂದ ನಡೆಯುವ ಬ್ರೇಕ್ ಬೂಸ್ಟರ್ ಇಲ್ಲ, ಹಾಗಾಗಿ ಹಟವೂ ಕಡಿಮೆ. ಕಾರಿಗೆ ಇವೆಲ್ಲ ಇವೆ. ಕರಾವಳಿಯ ಮೇ ತಿಂಗಳ ಮಧ್ಯಾಹ್ನ ಒಳಗಿನ ಸೆಕೆ ಇಳಿಯುವವರೆಗೆ ಎಸಿಯ ಕಂಪ್ರೆಸರ್‌ಗಾಗಿ ಎಂಜಿನ್ ಓಡುತ್ತಲೇ ಇರುತ್ತದೆ. ಜೂನ್‌ನಲ್ಲಿ ಗಾಜಿನ ಮಬ್ಬು ತೆಗೆಯುವ ಗುಂಡಿ ಒತ್ತಿದರೂ ಅನೇಕ ಕಾರುಗಳಲ್ಲಿ ಹಾಗೇ. ಇವು ದೋಷವಲ್ಲ, ಸರಿಯಾದ ನಿರ್ಧಾರಗಳು.

ನನ್ನ ಕಾರಿನ ರಿಪೇರಿ ಹತ್ತು ನಿಮಿಷದ್ದು: ಕಪ್ಪು ವೈರನ್ನು ಟರ್ಮಿನಲ್‌ನಿಂದ ಬಿಚ್ಚಿ, ಬಣ್ಣ ಕೆರೆದ ಬಾಡಿ ಬೋಲ್ಟಿಗೆ ಬಿಗಿದದ್ದು. ಆಮೇಲೆ ರಾತ್ರಿಯಿಡೀ ಚಾರ್ಜರ್. ಅದರ ಮೈನಸ್ ಕ್ಲಿಪ್ಪನ್ನೂ ಬಾಡಿಗೇ ಹಾಕಬೇಕು, ಟರ್ಮಿನಲ್‌ಗೆ ಹಾಕಿದರೆ ತುಂಬಿದ ಚಾರ್ಜು ಸೆನ್ಸರ್‌ನ ಲೆಕ್ಕಕ್ಕೇ ಬರದು. ಚಾರ್ಜರ್ ತೆಗೆದು, ಲಾಕ್ ಮಾಡಿ, ಒಂದು ದಿನ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಶರಾವತಿ ಸರ್ಕಲ್ ಬಳಿ ಲಾರಿಯ ಹಿಂದೆ ನಿಂತೆ. ಎಂಜಿನ್ ಆರಿತು, ಕಿಟಕಿಯಿಂದ ಮಳೆಯ ಸದ್ದು ಕೇಳಿಸಿತು.