ನಿಫ್ಟಿ ಏರಿತು, ಷೇರುಗಳು ಇಳಿದವು

2020ರ ಜನವರಿಯಲ್ಲಿ ನಿಫ್ಟಿ ಆವರೆಗಿನ ದಾಖಲೆಯ ಮಟ್ಟವಾದ 12,400ರ ಆಸುಪಾಸಿನಲ್ಲಿತ್ತು. ಟಿ.ವಿ.ಯಲ್ಲಿ ಗೂಳಿ ಓಟದ ಸಂಭ್ರಮ ನಡೆದಿದ್ದರೆ, ಸಣ್ಣ ಹೂಡಿಕೆದಾರರ ಡಿಮ್ಯಾಟ್ ಖಾತೆಗಳು ಕೆಂಪಾಗಿದ್ದವು. ಹಿಂದಿನ ಎರಡು ವರ್ಷಗಳಲ್ಲಿ ನಿಫ್ಟಿ ಸುಮಾರು ಶೇ 15ರಷ್ಟು ಏರಿತ್ತು. ಅದೇ ಅವಧಿಯಲ್ಲಿ ಸ್ಮಾಲ್‌ಕ್ಯಾಪ್ ಸೂಚ್ಯಂಕ ತನ್ನ ಮೌಲ್ಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತ್ತು.

ಇದು ಹೇಗೆ ಸಾಧ್ಯ? ನಿಫ್ಟಿಯ ಐವತ್ತು ಕಂಪನಿಗಳಿಗೆ ಸಮಾನ ತೂಕವಿಲ್ಲ. ಮಾರುಕಟ್ಟೆ ಮೌಲ್ಯ ದೊಡ್ಡದಿದ್ದಷ್ಟೂ ತೂಕ ಹೆಚ್ಚು. ಐದು ದೊಡ್ಡ ಕಂಪನಿಗಳ ಒಟ್ಟು ತೂಕ ಶೇ 40 ಎಂದುಕೊಳ್ಳಿ. ಅವು ಒಂದು ದಿನ ಶೇ 2ರಷ್ಟು ಏರಿದರೆ ಸೂಚ್ಯಂಕಕ್ಕೆ ಶೇ 0.8 ಸೇರುತ್ತದೆ. ಉಳಿದ ನಲವತ್ತೈದೂ ಕಂಪನಿಗಳು ಶೇ 1ರಷ್ಟು ಬಿದ್ದರೆ ಹೋಗುವುದು ಶೇ 0.6 ಮಾತ್ರ. ಐವತ್ತರಲ್ಲಿ ನಲವತ್ತೈದು ಷೇರುಗಳು ಬಿದ್ದ ದಿನವೂ ಪೇಟೆ ‘ಹಸಿರಿನಲ್ಲಿ ಮುಗಿಯಿತು’ ಎಂಬ ಸುದ್ದಿ ಬರುತ್ತದೆ.

ಈ ಮರೆಯನ್ನು ಸರಿಸುವ ಅಳತೆಗೋಲೇ ಮಾರ್ಕೆಟ್ ಬ್ರೆಡ್ತ್, ಅಂದರೆ ಏರಿಕೆಯ ಹರವು. ಅದರಲ್ಲಿ ತೂಕದ ಲೆಕ್ಕವಿಲ್ಲ, ತಲೆಯೆಣಿಕೆ ಮಾತ್ರ. ಇವತ್ತು ಏರಿದ ಷೇರುಗಳೆಷ್ಟು, ಇಳಿದವೆಷ್ಟು? ತಮ್ಮ 200 ದಿನಗಳ ಸರಾಸರಿ ಬೆಲೆಗಿಂತ ಮೇಲಿರುವವು ಎಷ್ಟು? ಒಂದು ದಿನದ ಎಣಿಕೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಸೂಚ್ಯಂಕ ಹೊಸ ಎತ್ತರ ಮುಟ್ಟುತ್ತಿದ್ದಾಗ ಈ ಎಣಿಕೆ ತಿಂಗಳುಗಟ್ಟಲೆ ಕುಗ್ಗುತ್ತಾ ಹೋದರೆ ಮಾತ್ರ ಎಚ್ಚರಾಗಬೇಕು.

2018ರಿಂದ ಆದದ್ದು ಅದೇ. ಆ ವರ್ಷದ ಬಜೆಟ್‌ನಲ್ಲಿ ಷೇರುಗಳ ದೀರ್ಘಾವಧಿ ಲಾಭದ ಮೇಲೆ ತೆರಿಗೆ ಮರಳಿ ಬಂತು. ಸೆಪ್ಟೆಂಬರ್‌ನಲ್ಲಿ ಐಎಲ್‌&ಎಫ್‌ಎಸ್ ಸಾಲ ತೀರಿಸಲಾಗದೆ ಕುಸಿದಾಗ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಹಣ ಹುಟ್ಟುವುದೇ ಕಷ್ಟವಾಯಿತು, ಅವುಗಳನ್ನೇ ನಂಬಿದ್ದ ಸಣ್ಣ ಉದ್ದಿಮೆಗಳೂ ಬಳಲಿದವು. ಹೆದರಿದ ಹಣ ಕೆಲವೇ ದೊಡ್ಡ ಕಂಪನಿಗಳ ಆಸರೆ ಹುಡುಕಿತು.

ಇನ್ನು ಇಂಡಿಯಾ ವಿಕ್ಸ್. ನಿಫ್ಟಿ ಆಪ್ಷನ್‌ಗಳ ಬೆಲೆಯಿಂದ ಎನ್‌ಎಸ್‌ಇ ಇದನ್ನು ಲೆಕ್ಕ ಹಾಕುತ್ತದೆ. ಆಪ್ಷನ್ ಎಂದರೆ ಒಂದು ಬಗೆಯ ವಿಮೆ. ಪೇಟೆ ಅಲುಗಾಡೀತೆಂಬ ಭಯ ಹೆಚ್ಚಿದಂತೆ ಅದರ ಪ್ರೀಮಿಯಂ ದುಬಾರಿಯಾಗುತ್ತದೆ, ವಿಕ್ಸ್ ಏರುತ್ತದೆ. ವಿಕ್ಸ್ 14 ಎಂದರೆ ವಾರ್ಷಿಕ ಲೆಕ್ಕದಲ್ಲಿ ಶೇ 14ರಷ್ಟು ಏರಿಳಿತದ ನಿರೀಕ್ಷೆ. ಅದನ್ನು 12ರ ವರ್ಗಮೂಲದಿಂದ ಭಾಗಿಸಿದರೆ, ಮುಂದಿನ ಒಂದು ತಿಂಗಳಲ್ಲಿ ನಿಫ್ಟಿ ಮೇಲಕ್ಕೋ ಕೆಳಕ್ಕೋ ಸುಮಾರು ಶೇ 4ರಷ್ಟು ಚಲಿಸಬಹುದು ಎಂಬ ಅಂದಾಜು ಸಿಗುತ್ತದೆ. ಯಾವ ದಿಕ್ಕಿಗೆ ಎಂದು ಅದು ಹೇಳುವುದಿಲ್ಲ.

2020ರ ಜನವರಿಯಲ್ಲಿ ವಿಕ್ಸ್ ಇದ್ದದ್ದು 14ರ ಆಸುಪಾಸಿನಲ್ಲೇ. ಹರವು ಅಷ್ಟು ಕಿರಿದಾಗಿದ್ದರೂ ಭಯ ಯಾಕಿರಲಿಲ್ಲ? ಹೂಡಿಕೆದಾರರು ಗಮನಿಸದೆ ಹೋಗುವ ಸಂಗತಿ ಇದು. ಕೆಲವು ಷೇರು ಏರಿ, ಕೆಲವು ಇಳಿದು ಒಂದನ್ನೊಂದು ಸರಿದೂಗಿಸಿದಾಗ ಸೂಚ್ಯಂಕ ಹೆಚ್ಚು ಅಲುಗಾಡುವುದಿಲ್ಲ. ಸೂಚ್ಯಂಕ ಶಾಂತವಾಗಿದ್ದರೆ ಅದರ ವಿಮೆಯೂ ಅಗ್ಗ. ಹೀಗೆ ಕಿರಿದಾದ ಏರಿಕೆಯೇ ವಿಕ್ಸ್ ಅನ್ನು ಕೆಳಗೆ ಹಿಡಿದಿಡಬಲ್ಲದು. ಅದೂ ಅಲ್ಲದೆ ವಿಕ್ಸ್ ಅಳೆಯುವುದು ನಿಫ್ಟಿಯನ್ನಷ್ಟೇ. ನಿಮ್ಮ ಬಳಿಯ ಸ್ಮಾಲ್‌ಕ್ಯಾಪ್ ಷೇರಿನ ಸಂಕಟ ಅದಕ್ಕೆ ತಟ್ಟುವುದಿಲ್ಲ. ಆದ್ದರಿಂದ ಹರವನ್ನು ನೋಡದೆ ಕೆಳಗಿರುವ ವಿಕ್ಸ್ ಅನ್ನು ನೆಮ್ಮದಿಯ ಗುರುತೆಂದು ಓದುವುದು ತಪ್ಪು.

ಮುಂದೆ ಕೋವಿಡ್ ಬಂತು. ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ 13ರಷ್ಟು ಬಿದ್ದು 7,610ಕ್ಕೆ ಇಳಿಯಿತು, ಮರುದಿನ ವಿಕ್ಸ್ 80 ದಾಟಿತು. ವೈರಾಣು ಬರುತ್ತದೆಂದು ಹರವಿನ ಎಣಿಕೆ ಹೇಳಿರಲಿಲ್ಲ, ಹೇಳಲು ಬರುವುದೂ ಇಲ್ಲ. ಕಿರಿದಾದ ಏರಿಕೆ ಎರಡು ವರ್ಷ ನಡೆದದ್ದನ್ನು ನೋಡಿದರೆ, ‘ನಾಳೆ ಬೀಳುತ್ತದೆ’ ಎಂದು ಮಾರಿ ಹೊರಬರಲು ಇದು ಸಾಧನವಲ್ಲ ಎಂಬುದೂ ಸ್ಪಷ್ಟ. ಏರಿಕೆ ಎಷ್ಟು ಕಂಬಗಳ ಮೇಲೆ ನಿಂತಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ.

ಆ ಕುಸಿತದ ನಂತರದ ಚೇತರಿಕೆ ತದ್ವಿರುದ್ಧವಾಗಿತ್ತು. ಮೊದಲ ತಿಂಗಳುಗಳಲ್ಲಿ ವಿಕ್ಸ್ 30ರ ಮೇಲೇ ಇತ್ತು, ಭಯ ಕರಗಿರಲಿಲ್ಲ. ಆದರೂ ಸಣ್ಣ, ಮಧ್ಯಮ ಕಂಪನಿಗಳು ದೊಡ್ಡವುಗಳ ಜೊತೆ ಎದ್ದವು. 2020 ಮುಗಿಯುವ ಹೊತ್ತಿಗೆ ನಿಫ್ಟಿಯ ವರ್ಷದ ಗಳಿಕೆ ಶೇ 15ರ ಹತ್ತಿರವಿದ್ದರೆ, ಮಿಡ್‌ಕ್ಯಾಪ್ ಮತ್ತು ಸ್ಮಾಲ್‌ಕ್ಯಾಪ್ ಸೂಚ್ಯಂಕಗಳದು ಶೇ 20 ದಾಟಿತ್ತು. ನನ್ನ ಮಟ್ಟಿಗೆ, ಜನವರಿಯ ಶಾಂತ ದಾಖಲೆಗಿಂತ ಭಯದ ನಡುವೆ ಹುಟ್ಟಿದ ಈ ಏರಿಕೆಯೇ ಗಟ್ಟಿ.

ಎನ್‌ಎಸ್‌ಇಯಲ್ಲಿ ಅದೇ ಐವತ್ತು ಕಂಪನಿಗಳಿಗೆ ಸಮಾನ ತೂಕ ಕೊಟ್ಟ ಇನ್ನೊಂದು ಸೂಚ್ಯಂಕವೂ ಇದೆ, ನಿಫ್ಟಿ 50 ಈಕ್ವಲ್ ವೇಟ್. ತಿಂಗಳಿಗೊಮ್ಮೆ ಅದನ್ನು ನಿಫ್ಟಿಯ ಪಕ್ಕದಲ್ಲಿಟ್ಟು ನೋಡಿ. ಅದು ನಿಫ್ಟಿಗಿಂತ ಹಿಂದೆ ಬೀಳುತ್ತಲೇ ಇದ್ದರೆ, ವಿಕ್ಸ್ ಎಷ್ಟೇ ಕೆಳಗಿದ್ದರೂ ಸಾಲ ಮಾಡಿ ಷೇರು ಕೊಳ್ಳಬೇಡಿ.