ಎಂಟಕ್ಕಿಂತ ಐದು ಕಡಿಮೆ

ಎರಡನೇ ತರಗತಿಯ ಗಣಿತದ ವರ್ಕ್‌ಶೀಟಿನಲ್ಲಿ ‘ವಾಟ್ ಈಸ್ ಫೈವ್ ಲೆಸ್ ದ್ಯಾನ್ ಏಟ್?’ ಎಂಬ ಪ್ರಶ್ನೆ ಇದೆ ಎಂದುಕೊಳ್ಳೋಣ. ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ಮಗು ಮೊದಲು ಸಿಕ್ಕ ಐದನ್ನು ಮೊದಲು ಬರೆಯುತ್ತದೆ, ಆಮೇಲೆ ಎಂಟನ್ನು: 5 − 8 = 3. ಕೊನೆಯಲ್ಲಿ 3 ಇದೆಯಲ್ಲ, ಟೀಚರ್ ರೈಟ್ ಹಾಕಿ ಮುಂದಿನ ಪುಸ್ತಕ ತೆಗೆಯುತ್ತಾರೆ. ತೊಂದರೆ ಕಾಣುವುದು ಸಂಖ್ಯೆ ದೊಡ್ಡದಾದ ಮೇಲೆ. ‘ಫಿಫ್ಟೀನ್ ಲೆಸ್ ದ್ಯಾನ್ ಫಾರ್ಟಿಟೂ’ ಎಂದಾಗ ಅದೇ ಮಗು 15ನ್ನು ಮೇಲೆ, 42ನ್ನು ಕೆಳಗೆ ಬರೆದು, ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದು 33 ಎನ್ನುತ್ತದೆ. ಸರಿಯಾದ ಉತ್ತರ 27. ಮಗುವಿಗೆ ಕಳೆಯುವ ಲೆಕ್ಕ ಬರುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸುತ್ತಾರೆ.

ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಎಂಟಕ್ಕಿಂತ ಐದು ಕಡಿಮೆ ಎಷ್ಟು?’ ಎಂಟು ಮೊದಲು ಬಂತು, ಐದು ಆಮೇಲೆ. ಬರೆಯುವುದೂ ಅದೇ ಕ್ರಮದಲ್ಲಿ, 8 − 5. ‘ಸಬ್‌ಟ್ರ್ಯಾಕ್ಟ್ ತ್ರೀ ಫ್ರಮ್ ಟೆನ್’ ಎಂಬುದಕ್ಕೂ ಹೀಗೆಯೇ. ಇಂಗ್ಲಿಷ್ ಮೂರನ್ನು ಮುಂದೆ ತರುತ್ತದೆ, ಕನ್ನಡ ‘ಹತ್ತರಿಂದ ಮೂರು ಕಳೆ’ ಎನ್ನುತ್ತದೆ. ಇಲ್ಲಿ ಮಗು ಮನೆಯಲ್ಲಿ ಆಡುವ ವಾಕ್ಯದ ಕ್ರಮ ಲೆಕ್ಕದ ಕ್ರಮಕ್ಕೆ ಹೊಂದಿಕೊಂಡಿದೆ. ಈ ಅನುಕೂಲವನ್ನು ನಮ್ಮ ವರ್ಕ್‌ಶೀಟ್‌ಗಳು ಬಳಸಿಕೊಳ್ಳಬೇಕು ಎಂಬುದೇ ನನ್ನ ವಾದ.

2019–20ರಲ್ಲಿ ಕರ್ನಾಟಕದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮನೆಮಾತು ಬೇರೆ, ಪಾಠದ ಭಾಷೆ ಬೇರೆ ಇರುವ ಮಕ್ಕಳಿಗೆ ಎರಡೂ ಭಾಷೆಯ ಕಲಿಕಾ ಸಾಮಗ್ರಿ ಕೊಡಿ ಎಂದು ಹೇಳುತ್ತದೆ. ಆದರೆ ಎರಡು ಭಾಷೆಯನ್ನು ಒಂದು ಹಾಳೆಯ ಮೇಲೆ ಹೇಗೆ ಕೂರಿಸುವುದು ಎಂಬುದು ಬೇರೆಯೇ ಕೆಲಸ. ಆಂಧ್ರಪ್ರದೇಶ 2020ರ ಸುಮಾರಿಗೆ ಒಂದು ಪುಟ ಇಂಗ್ಲಿಷ್, ಎದುರಿನ ಪುಟ ತೆಲುಗು ಎಂಬ ಕನ್ನಡಿ ಮಾದರಿಯ ಪಠ್ಯಪುಸ್ತಕ ತಂದಿತು. ಪುಸ್ತಕಕ್ಕೆ, ಅದರಲ್ಲೂ ಮನೆಯಲ್ಲಿ ಓದಿಸುವ ತಂದೆತಾಯಿಗೆ, ಅದು ಒಳ್ಳೆಯ ಆಸರೆ. ವರ್ಕ್‌ಶೀಟಿಗೆ ಅದೇ ಕ್ರಮ ಅಷ್ಟು ಹೊಂದುವುದಿಲ್ಲ. ಪ್ರತಿ ಸಾಲಿನ ಕೆಳಗೂ ಅದರ ಪೂರ್ತಿ ಕನ್ನಡ ಅನುವಾದ ಇದ್ದರೆ ಮಗು ಇಂಗ್ಲಿಷ್ ಸಾಲನ್ನು ನೋಡುವುದೇ ಇಲ್ಲ. ಆರು ತಿಂಗಳಾದರೂ ‘ಲೆಸ್’ ಎಂಬ ಪದ ಅದಕ್ಕೆ ಹೊಸದಾಗಿಯೇ ಉಳಿದಿರುತ್ತದೆ.

ಹೆಚ್ಚು ಫಲ ಕೊಡುವುದು ಬೇರೊಂದು ಜೋಡಣೆ. ಪಾಠದ ಪದ ಇಂಗ್ಲಿಷಿನಲ್ಲೇ, ಇಂಗ್ಲಿಷ್ ಅಕ್ಷರದಲ್ಲೇ, ದಪ್ಪಗೆ ಇರಲಿ. ಮುಂದಿನ ತರಗತಿಯ ಪುಸ್ತಕ, ಪರೀಕ್ಷೆ, ಟೀಚರ ಬಾಯಿ ಎಲ್ಲ ಕಡೆಯೂ ಆ ಪದವೇ ಎದುರಾಗುವುದರಿಂದ ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಪಕ್ಕದಲ್ಲಿ ಒಂದೇ ಒಂದು ಸಾಲು ಕನ್ನಡ: ಆ ಪದ ಬಂದಾಗ ಏನು ಮಾಡಬೇಕು ಎಂದು ಹೇಳುವ ಸಾಲು. ಒಂದು ಹಾಳೆಗೆ ಹೊಸ ಪದ ಎರಡು, ಹೆಚ್ಚೆಂದರೆ ಮೂರು ಸಾಕು.

ಆ ಕನ್ನಡ ಸಾಲಿನಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಸಬ್‌ಟ್ರ್ಯಾಕ್ಷನ್’ ಪಕ್ಕದಲ್ಲಿ ‘ವ್ಯವಕಲನ’ ಎಂದು ಬರೆದರೆ ಏಳು ವರ್ಷದ ಮಗುವಿನ ತಲೆಯ ಮೇಲೆ ಒಂದರ ಬದಲು ಎರಡು ಅಪರಿಚಿತ ಪದಗಳನ್ನು ಹೊರಿಸಿದಂತಾಯಿತು. ಮಗುವಿಗೆ ಗೊತ್ತಿರುವುದು ಕಳೆ, ತೆಗೆ, ಉಳಿಯಿತು. ‘ಡಿಫರೆನ್ಸ್’ ಇನ್ನೂ ಕಠಿಣ. ಎಂಟಕ್ಕೂ ಐದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ‘ಐದರಲ್ಲಿ ಮೇಲೆ ಗೆರೆ ಇದೆ, ಎಂಟರಲ್ಲಿ ಎರಡು ಸೊನ್ನೆ ಇವೆ’ ಎಂದು ಮಗು ಹೇಳಬಹುದು. ಅದು ತಪ್ಪಲ್ಲ, ಕೇಳಿದ್ದಕ್ಕೆ ಕೊಟ್ಟ ಉತ್ತರ. ಆ ಪದದ ಪಕ್ಕದಲ್ಲಿ ಬರೆಯಬೇಕಾದದ್ದು ಹೀಗೆ: ‘ಎಂಟು ಗೋಲಿ ಒಂದು ಸಾಲು, ಐದು ಗೋಲಿ ಅದರ ಕೆಳಗೆ ಇನ್ನೊಂದು ಸಾಲು ಇಡು. ಜೋಡಿ ಸಿಗದೆ ಉಳಿದ ಗೋಲಿ ಎಷ್ಟು?’ ಪಕ್ಕದಲ್ಲಿ ಎರಡು ಸಾಲು ಗೋಲಿಗಳ ಚಿತ್ರವಿದ್ದರೆ ಇನ್ನೂ ಒಳ್ಳೆಯದು. ಮಗು ಮೂರನ್ನು ಎಣಿಸಿದ ಮೇಲೆ ಕೆಳಗಿನ ಸಾಲು ಇಂಗ್ಲಿಷಿನಲ್ಲಿ ಬರುತ್ತದೆ: ‘ದ ಡಿಫರೆನ್ಸ್ ಈಸ್’, ಮುಂದೆ ಖಾಲಿ ಚೌಕ. ಕೆಲಸ ಮುಗಿದ ಕ್ಷಣದಲ್ಲಿ ಪದ ಕೈಗೆ ಸಿಕ್ಕಿದರೆ ಅದು ಮರೆತುಹೋಗುವುದು ಕಷ್ಟ.

‘ಲೆಸ್ ದ್ಯಾನ್’ಗೆ ಇನ್ನೊಂದು ಉಪಾಯವಿದೆ. ಇಂಗ್ಲಿಷ್ ವಾಕ್ಯದ ಕೆಳಗೆ ‘ಎಂಟಕ್ಕಿಂತ ಐದು ಕಡಿಮೆ’ ಎಂದು ಬರೆದು, ಇಂಗ್ಲಿಷಿನ ಎಂಟಿನಿಂದ ಕನ್ನಡದ ಎಂಟಿಗೆ, ಐದರಿಂದ ಐದಕ್ಕೆ ಗೆರೆ ಎಳೆಯಲು ಮಗುವಿಗೇ ಹೇಳುವುದು. ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಅಡ್ಡಡ್ಡ ಹಾದ ಆ ಎರಡು ಗೆರೆ ಕಣ್ಣಿಗೆ ಕಂಡರೆ, ಇಂಗ್ಲಿಷ್ ಇಲ್ಲಿ ತಿರುಗಿಸಿ ಹೇಳುತ್ತಿದೆ ಎಂಬುದು ಯಾವ ವ್ಯಾಕರಣವೂ ಇಲ್ಲದೆ ಮಗುವಿಗೆ ಹೊಳೆಯುತ್ತದೆ.

ಸಂಖ್ಯೆಗಳ ಹೆಸರಿನಲ್ಲೂ ಇಂಥದೇ ತಿರುವು ಇದೆ. ‘ಥರ್ಟೀನ್’ ಎಂದಾಗ ಮೂರು ಮೊದಲು ಕೇಳಿಸುತ್ತದೆ, ಹತ್ತು ಆಮೇಲೆ. ಹಾಗಾಗಿ 31 ಎಂದು ಬರೆಯುವ ಮಕ್ಕಳಿದ್ದಾರೆ. ಹದಿಮೂರು ಎಂದರೆ ಹತ್ತು ಮುಂದೆಯೇ ಇರುತ್ತದೆ.

ಮನೆಮಾತು ಎಲ್ಲ ಕಡೆಯೂ ದಾರಿ ಸುಲಭ ಮಾಡುತ್ತದೆ ಎಂದು ನಂಬಬಾರದು. ಭಿನ್ನರಾಶಿಯಲ್ಲಿ ಅದು ಉಲ್ಟಾ. 2/3 ಎಂಬುದನ್ನು ಇಂಗ್ಲಿಷ್ ಮೇಲಿನಿಂದ ಕೆಳಕ್ಕೆ ಓದುತ್ತದೆ, ನಾವು ‘ಮೂರರಲ್ಲಿ ಎರಡು’ ಎನ್ನುತ್ತೇವೆ. ಕನ್ನಡ ಸಾಲನ್ನು ನೆಚ್ಚಿದ ಮಗು ಮೂರನ್ನು ಮೇಲೆ ಬರೆಯುತ್ತದೆ. ಇಲ್ಲಿ ವಿವರಣೆ ‘ರೊಟ್ಟಿಯನ್ನು ಮೂರು ಸಮಪಾಲು ಮಾಡು, ಕೆಳಗೆ 3 ಬರೆ. ಎರಡು ಪಾಲು ತೆಗೆದುಕೋ, ಮೇಲೆ 2 ಬರೆ’ ಎಂದು ಬರೆಯುವ ಜಾಗವನ್ನೂ ಹೇಳಬೇಕಾಗುತ್ತದೆ. ವರ್ಕ್‌ಶೀಟ್ ಬರೆಯುವವರು ಪ್ರತಿ ಪದಕ್ಕೂ ಎರಡು ಭಾಷೆಯ ಕ್ರಮವನ್ನು ಹೋಲಿಸಿ ನೋಡದೆ ಬೇರೆ ದಾರಿಯಿಲ್ಲ.

ಇನ್ನೊಂದು ಕಷ್ಟ ಮನೆಮಾತು ಯಾವುದು ಎಂಬುದು. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ ಇವೆ, ಬೆಂಗಳೂರಿನ ಒಂದೇ ತರಗತಿಯಲ್ಲಿ ತಮಿಳು, ತೆಲುಗು, ಉರ್ದು ಎಲ್ಲ ಸೇರಿರುತ್ತವೆ. ಅವರಿಗೆ ಕನ್ನಡದ ಸಾಲೂ ಕಲಿಯುತ್ತಿರುವ ಭಾಷೆಯೇ. ಪದದ ಪಕ್ಕ ಚಿತ್ರ ಮತ್ತು ಒಂದು ಖಾಲಿ ಗೆರೆ ಬಿಟ್ಟರೆ, ಶಿಕ್ಷಕರು ಮಕ್ಕಳನ್ನೇ ಕೇಳಿ ಅವರ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಸಬಹುದು.

ಹಾಳೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಂಕ ನೋಡಿದರೆ ಸಾಲದು. ಆಸ್ಟ್ರೇಲಿಯಾದ ಆ್ಯನ್ ನ್ಯೂಮನ್ 1970ರ ದಶಕದಲ್ಲಿ ಮಕ್ಕಳ ತಪ್ಪನ್ನು ಹುಡುಕಲು ಒಂದು ಕ್ರಮ ಹಾಕಿಕೊಟ್ಟರು. ಮಗು ಪ್ರಶ್ನೆಯನ್ನು ಓದುತ್ತದೆಯೇ, ಅದರ ಅರ್ಥ ಹೇಳುತ್ತದೆಯೇ, ಯಾವ ಲೆಕ್ಕ ಮಾಡಬೇಕೆಂದು ಗುರುತಿಸುತ್ತದೆಯೇ, ಆ ಲೆಕ್ಕ ಮಾಡುತ್ತದೆಯೇ, ಉತ್ತರವನ್ನು ಸರಿಯಾಗಿ ಬರೆಯುತ್ತದೆಯೇ ಎಂದು ಒಂದೊಂದಾಗಿ ನೋಡುವುದು. 33 ಎಂದು ಬರೆದ ಮಗುವನ್ನು ಪಕ್ಕಕ್ಕೆ ಕರೆದು, ‘ನಿನ್ನ ಹತ್ತಿರ ನಲವತ್ತೆರಡು ರೂಪಾಯಿ ಇತ್ತು, ಹದಿನೈದು ಖರ್ಚಾಯಿತು, ಎಷ್ಟು ಉಳಿಯಿತು?’ ಎಂದು ಬಾಯಲ್ಲೇ ಕೇಳಿ. ಇಪ್ಪತ್ತೇಳು ಎಂದರೆ ಅದಕ್ಕೆ ಕಳೆಯಲು ಬರುತ್ತದೆ. ಎಡವಿದ್ದು ವಾಕ್ಯದಲ್ಲಿ ಅಥವಾ ಬರೆಯುವ ಕ್ರಮದಲ್ಲಿ. ಅದರ ಹಾಳೆಯಲ್ಲಿ 15 ಮೇಲಿದ್ದರೆ ವಾಕ್ಯ ಕೈಕೊಟ್ಟಿದೆ. 42 ಮೇಲಿದ್ದೂ 33 ಬಂದಿದ್ದರೆ ಎರಡರಿಂದ ಐದು ಕಳೆಯಲಾಗದೆ ಐದರಿಂದ ಎರಡನ್ನು ಕಳೆದಿದೆ. ಅದಕ್ಕೆ ಭಾಷೆಯ ಮದ್ದು ಬೇಡ, ಹತ್ತರ ಕಟ್ಟು ಬಿಚ್ಚಿ ಬಿಡಿ ಕಡ್ಡಿ ಮಾಡುವ ಅಭ್ಯಾಸ ಬೇಕು.

ಕನ್ನಡದ ಸಾಲು ಎಷ್ಟು ದಿನ ಇರಬೇಕು? ಅದನ್ನು ಬೆರಳಿನಿಂದ ಮುಚ್ಚಿ ‘ಡಿಫರೆನ್ಸ್ ಅಂದರೆ ಏನು ಮಾಡಬೇಕು?’ ಎಂದು ಕೇಳಿದಾಗ ಮಗು ತನ್ನದೇ ಮಾತಿನಲ್ಲಿ ಹೇಳುವವರೆಗೆ. ಹೇಳಿದರೆ ಮುಂದಿನ ಹಾಳೆಯಲ್ಲಿ ಆ ಸಾಲು ಬೇಡ, ಆ ಜಾಗ ಹೊಸ ಪದಕ್ಕೆ. ಹೇಳದಿದ್ದರೆ ಸಾಲನ್ನು ಹಾಗೇ ಇಟ್ಟು ಗೋಲಿಗಳನ್ನು ಮತ್ತೆ ಹೊರಗೆ ತೆಗೆಯಬೇಕು.